ಟಿಪ್ಸ್ ಡಬ್ಬಿಗೆ ಎರಡು ಬೀಗ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ 60 ಜನ ಕೂರಬಹುದಾದ ಒಂದು ರೆಸ್ಟೋರೆಂಟಿದೆ. ತಿಂಗಳಿಗೆ ಎರಡು ಸಲ ಅಲ್ಲಿಯ ಲೆಕ್ಕ ಬರೆಯಲು ಹೋಗುತ್ತೇನೆ. ಅಡುಗೆಮನೆಯ ಬಾಗಿಲ ಪಕ್ಕ ಏಪ್ರನ್ ನೇತುಹಾಕುವ ಮೊಳೆಗಳ ಸಾಲಿದೆ. ಅದರ ಮೇಲೆ, ಎಣ್ಣೆ ತಾಗದಿರಲೆಂದು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಅಂಟಿಸಿದ ಎರಡು ಹಾಳೆಗಳಿವೆ. ಒಂದು ಕನ್ನಡದಲ್ಲಿ, ಇನ್ನೊಂದು ಅದನ್ನೇ ಹಿಂದಿಯಲ್ಲಿ ಬರೆದದ್ದು. ಕೆಲಸಗಾರರಲ್ಲಿ ಕುಂದಾಪುರದ ಕಡೆಯವರು ಕೆಲವರಾದರೆ ಅಸ್ಸಾಂ, ಒಡಿಶಾ ಮತ್ತು ನೇಪಾಳದಿಂದ ಬಂದವರು ಅವರಿಗಿಂತ ಹೆಚ್ಚು. ಕನ್ನಡದ ಹಾಳೆಯ ಮೊದಲ ಸಾಲುಗಳು ಹೀಗಿವೆ:

"ಗಿರಾಕಿಗಳು ಕೊಡುವ ಟಿಪ್ಸು ಹಾಗೂ ಅವರು ಇಷ್ಟಪಟ್ಟು ಸೇರಿಸುವ ಸರ್ವೀಸ್ ಮೊತ್ತ ಪೂರ್ತಿ ಕೆಲಸಗಾರರದು. ಇದರಲ್ಲಿ ಮಾಲೀಕರಿಗೂ ಮ್ಯಾನೇಜರಿಗೂ ಪಾಲಿಲ್ಲ. ಒಡೆದ ತಟ್ಟೆ, ಕಾರ್ಡ್ ಮಷಿನ್ನಿನ ಕಮಿಷನ್ನು, ಬಿಲ್ಲಿನಲ್ಲಿ ಬಿದ್ದ ಕೊರತೆ ಯಾವುದನ್ನೂ ಇದರಿಂದ ಹಿಡಿಯುವುದಿಲ್ಲ. ಹಿಂದಿನ ತಿಂಗಳ ಹಣವನ್ನು ಪ್ರತಿ ತಿಂಗಳ 7ನೇ ತಾರೀಕು ಪಾಯಿಂಟಿನ ಪ್ರಕಾರ ಹಂಚುತ್ತೇವೆ. ಲೆಕ್ಕದ ಹಾಳೆಯನ್ನು ಇಲ್ಲೇ ಅಂಟಿಸುತ್ತೇವೆ. ಕೆಲಸ ಬಿಟ್ಟವರಿಗೆ ಕೊನೆಯ ದಿನದವರೆಗಿನ ಪಾಲು ಅವರ ಖಾತೆಗೆ ಹೋಗುತ್ತದೆ."

ಇಷ್ಟು ಓದಿದಾಗ ನನಗೆ ನನ್ನ ಮೊದಲ ಕೆಲಸ ನೆನಪಾಗುತ್ತದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಇದೇ ಊರಿನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತಿದ್ದೆ. ಅಲ್ಲಿಯೂ ಟಿಪ್ಸ್ ಡಬ್ಬಿ ಇತ್ತು, ಬೀಗದ ಕೈ ಮ್ಯಾನೇಜರರ ಸೊಂಟದಲ್ಲಿರುತ್ತಿತ್ತು. ತಿಂಗಳ ಮೊದಲ ವಾರ ಅವರು ಒಬ್ಬೊಬ್ಬರನ್ನೇ ಕರೆದು ಕೈಗೆ ಲಕೋಟೆ ಇಡುತ್ತಿದ್ದರು. ಎಷ್ಟು ಬಂತು, ಯಾವ ಲೆಕ್ಕದಲ್ಲಿ ಬಂತು ಎಂದು ಬರೆದ ಚೀಟಿ ಇರುತ್ತಿರಲಿಲ್ಲ. ಪಾತ್ರೆ ತೊಳೆಯುತ್ತಿದ್ದ ಹುಡುಗ ಒಂದು ತಿಂಗಳು ಲಕೋಟೆ ಬಿಚ್ಚಿ ನೋಡಿ, "ಅಣ್ಣ, ಹೋದ ತಿಂಗಳು ಜಾಸ್ತಿ ಇತ್ತಲ್ಲಾ, ನಾನೇನು ತಪ್ಪು ಮಾಡಿದೆ?" ಎಂದು ನನ್ನನ್ನು ಕೇಳಿದ. ಅವನು ತಪ್ಪು ಮಾಡಿರಲಿಲ್ಲ. ಬಹುಶಃ ಆ ತಿಂಗಳು ಡಬ್ಬಿಗೆ ಬಿದ್ದದ್ದೇ ಕಡಿಮೆಯಿರಬಹುದು, ಅಥವಾ ಯಾರೋ ಮಧ್ಯೆ ಕೈ ಹಾಕಿರಬಹುದು. ಇವೆರಡರಲ್ಲಿ ಯಾವುದು ನಿಜ ಎಂದು ಅವನಿಗೆ ಹೇಳಲು ಗಲ್ಲಾದಲ್ಲಿ ಕೂತ ನನಗೂ ದಾರಿಯಿರಲಿಲ್ಲ.

ಆ ಬಾಗಿಲ ಪಕ್ಕದ ಹಾಳೆ ಹುಟ್ಟಿದ್ದಕ್ಕೆ ಒಂದು ಕಾರಣವಿದೆ. ಹಿಂದೆ ಈ ರೆಸ್ಟೋರೆಂಟಿನಲ್ಲೂ ಬಿಲ್ಲಿನ ಕೆಳಗೆ ಸರ್ವೀಸ್ ಚಾರ್ಜ್ ತಾನಾಗಿ ಮುದ್ರಣವಾಗುತ್ತಿತ್ತು. ಹೀಗೆ ಗಿರಾಕಿಯನ್ನು ಕೇಳದೆ ಸರ್ವೀಸ್ ಚಾರ್ಜ್ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಬೇರೆ ಹೆಸರಿಟ್ಟೂ ವಸೂಲಿ ಮಾಡುವಂತಿಲ್ಲ. ಕೊಡದವರಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಊಟದ ಬಿಲ್ಲಿಗೆ ಕೂಡಿಸಿ ಒಟ್ಟಿನ ಮೇಲೆ ಜಿಎಸ್‌ಟಿ ಹಾಕುವಂತೆಯೂ ಇಲ್ಲ. ಹೋಟೆಲ್ ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋದವು, ಅದೇ ತಿಂಗಳು ತಡೆಯಾಜ್ಞೆಯೂ ಸಿಕ್ಕಿತು. ಕೊನೆಗೆ 2025ರ ಮಾರ್ಚ್ 28ರಂದು ಅದೇ ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಗಸೂಚಿಯನ್ನು ಎತ್ತಿಹಿಡಿದು, ಅರ್ಜಿ ಹಾಕಿದ್ದ ಎರಡು ಸಂಘಟನೆಗಳಿಗೆ ತಲಾ 1 ಲಕ್ಷ ರೂಪಾಯಿ ವೆಚ್ಚ ವಿಧಿಸಿತು. ಗಿರಾಕಿ ತಾನಾಗಿ ಕೊಟ್ಟರೆ ಅಡ್ಡಿಯಿಲ್ಲ, ಕಡ್ಡಾಯ ಮಾಡಿದರೆ ತಪ್ಪು ಎಂಬುದು ಅದರ ತಿರುಳು.

ಗಿರಾಕಿಗಳಿಗೆ ಇದು ಒಳ್ಳೆಯದಾಯಿತು, ನಾನೂ ಒಪ್ಪುತ್ತೇನೆ. ಒಳಗೆ ಕೆಲಸ ಮಾಡುವವರಿಗೆ ಮಾತ್ರ ಬಿಲ್ಲಿನ ಆ ಸಾಲು ಅಳಿಸಿಹೋದದ್ದು ಆದಾಯದಲ್ಲೇ ಬಿದ್ದ ತೂತು. ಮುಂದೆ ಬರುವುದೆಲ್ಲ ಗಿರಾಕಿ ಇಷ್ಟಪಟ್ಟು ಕೊಟ್ಟಷ್ಟು. ಹಣ ಕಡಿಮೆಯಾದಾಗ ಅನುಮಾನ ಹೆಚ್ಚುತ್ತದೆ. "ಅವನಿಗೆ ಎಷ್ಟು, ನನಗೆ ಎಷ್ಟು?" ಎಂಬ ಪ್ರಶ್ನೆ ದಿನವೂ ಏಳತೊಡಗಿತು. ಆಗ ಮಾಲೀಕರು ಎಲ್ಲರನ್ನೂ ಒಂದು ಮಧ್ಯಾಹ್ನ, ಊಟದ ಗದ್ದಲ ಮುಗಿದು ಸಂಜೆಯ ಪಾಳಿ ಶುರುವಾಗುವ ನಡುವೆ, ಕೂರಿಸಿ ಮಾತಾಡಿದರು.

ಆ ಸಭೆಯಲ್ಲಿ ಮೊದಲು ಎದ್ದ ಜಗಳ ಅಡುಗೆಮನೆಯದು. ಸಪ್ಲೈಯರೊಬ್ಬ, "ಗಿರಾಕಿಯ ಮುಂದೆ ನಿಂತು ನಗುವವನು ನಾನು, ಬೈಸಿಕೊಳ್ಳುವವನೂ ನಾನು. ದುಡ್ಡು ಕೊಡುವುದು ನನ್ನ ಕೈಗೆ. ಒಳಗಿರುವವರಿಗೆ ಯಾಕೆ ಪಾಲು?" ಎಂದ. ಭಟ್ಟರು ತಿರುಗಿ ಕೇಳಿದರು: "ನಾನು ದೋಸೆ ಸೀಯಿಸಿ ಕಳಿಸಿದ ದಿನ ನಿನ್ನ ನಗುವಿಗೆ ಎಷ್ಟು ಬಿತ್ತು ಮಾರಾಯ?" ಇಬ್ಬರ ಮಾತಿನಲ್ಲೂ ಸತ್ಯವಿತ್ತು.

ಅವರವರ ಟಿಪ್ಸು ಅವರವರಿಗೇ ಎಂಬ ಪದ್ಧತಿಯಲ್ಲಿ ಹೊರಗಿನವರಿಗೆ ಕಾಣದ ಒಂದು ಅನ್ಯಾಯವಿದೆ. ಯಾವ ಸಪ್ಲೈಯರಿಗೆ ಯಾವ ಟೇಬಲ್ ಎಂದು ಗೊತ್ತುಮಾಡುವವರು ಕ್ಯಾಪ್ಟನ್. ಫ್ಯಾಮಿಲಿ ರೂಮಿನ ದೊಡ್ಡ ಟೇಬಲ್ ಸಿಕ್ಕವನಿಗೆ ಒಂದೇ ಬಿಲ್ಲಿನಲ್ಲಿ 200 ರೂಪಾಯಿ ಬಂದರೆ, ಕೈ ತೊಳೆಯುವ ಜಾಗದ ಪಕ್ಕದ ಎರಡು ಜನರ ಟೇಬಲ್ ನೋಡಿಕೊಳ್ಳುವವನಿಗೆ ಇಡೀ ಮಧ್ಯಾಹ್ನ ಓಡಾಡಿದರೂ ಅಷ್ಟು ಬರುವುದಿಲ್ಲ. ಹಾಗಾಗಿ ಒಳ್ಳೆಯ ಟೇಬಲ್ ಎಂಬುದೇ ಒಂದು ಉಪಕಾರವಾಗುತ್ತದೆ. ಕ್ಯಾಪ್ಟನ್ನಿಗೆ ಬೇಕಾದವನಿಗೆ ಅದು ಸಿಗುತ್ತದೆ, ಎದುರು ಮಾತಾಡಿದವನಿಗೆ ತಪ್ಪುತ್ತದೆ. ಟಿಪ್ಸನ್ನೆಲ್ಲ ಒಂದು ಕಡೆ ಕೂಡಿಸಿದ ಕೂಡಲೇ ಟೇಬಲಿಗಿದ್ದ ಈ ಬೆಲೆ ಇಳಿದುಬಿಡುತ್ತದೆ. ನನ್ನ ಮಟ್ಟಿಗೆ ಕೂಡಿಸಿ ಹಂಚುವುದರ ಪರವಾಗಿ ಇರುವ ದೊಡ್ಡ ವಾದ ಇದು. ಇಲ್ಲಿ ಒಂದು ಮಾತು ಸೇರಿಸಬೇಕು. ನಿಂತು ತಿನ್ನುವ ದರ್ಶಿನಿಗಳಲ್ಲಿ ಗಿರಾಕಿ ಕೌಂಟರಿನಲ್ಲಿ ಕೂಪನ್ ಪಡೆದು ತಟ್ಟೆಯನ್ನು ತಾನೇ ಎತ್ತಿಕೊಳ್ಳುತ್ತಾನೆ, ಅಲ್ಲಿ ಈ ಪ್ರಶ್ನೆ ಹೆಚ್ಚಾಗಿ ಏಳುವುದೇ ಇಲ್ಲ. ಇದು ಕೂತು ಉಣ್ಣುವ ಜಾಗದ ಮಾತು.

ಕೂಡಿಸುವುದಕ್ಕೆ ಒಂದು ನಷ್ಟವೂ ಇದೆ, ಅದನ್ನು ಮುಚ್ಚಿಡಬಾರದು. ಚುರುಕಾದ ಸಪ್ಲೈಯರಿಗೆ ಮೊದಲಿಗಿಂತ ಕಡಿಮೆ ಬರುತ್ತದೆ. ಅವನು ಬೇಸರಪಟ್ಟು ಬೇರೆ ಹೋಟೆಲಿಗೆ ಹೋಗಬಹುದು, ಇಲ್ಲವೇ ಬಂದದ್ದರಲ್ಲಿ ಸ್ವಲ್ಪವನ್ನು ಜೇಬಿಗೆ ಹಾಕಿಕೊಳ್ಳಬಹುದು. ಹಾಗಾಗಿ ಸಭೆಯಲ್ಲಿ ಎಲ್ಲರಿಗೂ ಸರಿಸಮ ಎಂದು ಒಪ್ಪಲಿಲ್ಲ. ಪಾಯಿಂಟು ಇಟ್ಟರು. ಕ್ಯಾಪ್ಟನ್ನಿಗೆ 5, ಸಪ್ಲೈಯರಿಗೂ ಅಡುಗೆಯವರಿಗೂ 4, ಅಡುಗೆಮನೆಯ ಹೆಲ್ಪರಿಗೂ ಪಾತ್ರೆ ತೊಳೆಯುವ ಮತ್ತು ಟೇಬಲ್ ಒರೆಸುವ ಕ್ಲೀನರಿಗೂ 3, ಹೊಸದಾಗಿ ಕಲಿಯುತ್ತಿರುವವರಿಗೆ ಮೊದಲ ಮೂರು ತಿಂಗಳು 2. ಸಪ್ಲೈಯರುಗಳು ಕ್ಲೀನರಿಗೆ 2 ಸಾಕು ಎಂದು ಹಠ ಹಿಡಿದಿದ್ದರು. ಒಂದು ಭಾನುವಾರ ಕ್ಲೀನರ್ ಇಲ್ಲದಿದ್ದಾಗ ಒರೆಸದ ಟೇಬಲಿನ ಮುಂದೆ ಗಿರಾಕಿಗಳು ನಿಂತೇ ಇದ್ದದ್ದನ್ನು ಭಟ್ಟರು ನೆನಪಿಸಿದ ಮೇಲೆ 3ಕ್ಕೆ ಒಪ್ಪಿದರು. ಈ ಅಂಕಿಗಳು ಯಾವ ಶಾಸ್ತ್ರದಲ್ಲೂ ಇಲ್ಲ, ಇನ್ನೊಂದು ಹೋಟೆಲಿನಲ್ಲಿ ಬೇರೆ ಇರಬಹುದು. ಎಲ್ಲರ ಎದುರು ಮಾತಾಡಿ ಗೊತ್ತುಮಾಡಿದ್ದು, ಬರೆದು ಅಂಟಿಸಿದ್ದು, ಆರು ತಿಂಗಳಿಗೊಮ್ಮೆ ಮತ್ತೆ ಕೂತು ನೋಡುತ್ತೇವೆ ಎಂದದ್ದು, ಇಷ್ಟೇ ಅದಕ್ಕಿರುವ ಬಲ.

ಮ್ಯಾನೇಜರರಿಗೆ ಪಾಲಿಲ್ಲ ಎಂಬ ಸಾಲಿಗೆ ಅವರು ಆ ದಿನ ಮುಖ ಸಣ್ಣ ಮಾಡಿಕೊಂಡರು. ಅವರೂ ದಿನವಿಡೀ ನಿಂತು ದುಡಿಯುತ್ತಾರೆ ಎಂಬುದು ನಿಜವೇ. ಆದರೆ ಹಾಜರಿ ಬರೆಯುವವರು ಅವರು, ರಜೆ ಕೊಡುವವರು ಅವರು, ಪಾಯಿಂಟು ಬದಲಿಸಬೇಕೆಂದು ಮಾಲೀಕರಿಗೆ ಹೇಳುವವರೂ ಅವರೇ. ಬಡಿಸುವ ಕೈಯೇ ತನ್ನ ಎಲೆಗೂ ಬಡಿಸಿಕೊಳ್ಳತೊಡಗಿದರೆ ಪಂಕ್ತಿಯಲ್ಲಿ ಕೂತವರಿಗೆ ನಂಬಿಕೆ ಉಳಿಯುವುದಿಲ್ಲ. ಅವರ ದುಡಿಮೆಗೆ ಮಾಲೀಕರು ಸಂಬಳದಲ್ಲೇ ಕೊಡಬೇಕು. ಟೇಬಲಿಗೆ ಬಂದು ಆರ್ಡರ್ ಬರೆದುಕೊಳ್ಳುವ ಕ್ಯಾಪ್ಟನ್ನರ ಮಾತು ಬೇರೆ, ಅವರು ಗಿರಾಕಿಯ ಸೇವೆಯಲ್ಲೇ ಇರುವವರು.

ಈಗ ಒಂದು ತಿಂಗಳ ಲೆಕ್ಕ ನೋಡೋಣ. ಓದಲು ಸುಲಭವಾಗಲೆಂದು ಸಂಖ್ಯೆಗಳನ್ನು ದುಂಡಗೆ ಮಾಡಿದ್ದೇನೆ. ಡಬ್ಬಿಗೆ ಬಿದ್ದ ನಗದು 41,200 ರೂಪಾಯಿ. ಕಾರ್ಡು ಮತ್ತು ಯುಪಿಐ ಮೂಲಕ ಬಂದದ್ದು 36,800. ಹುಟ್ಟುಹಬ್ಬ, ಆಫೀಸಿನ ಊಟ ಎಂದು ಒಟ್ಟಾಗಿ ಬುಕ್ ಮಾಡಿದವರು ತಾವಾಗಿ ಸರ್ವೀಸಿಗೆಂದು ಸೇರಿಸಿ ಕೊಟ್ಟದ್ದು 18,000. ಎಲ್ಲ ಸೇರಿ 96,000 ರೂಪಾಯಿ. ಪಾಲಿಗೆ ಅರ್ಹರು 18 ಜನ: ಇಬ್ಬರು ಕ್ಯಾಪ್ಟನ್, ಆರು ಸಪ್ಲೈಯರ್, ಮೂವರು ಅಡುಗೆಯವರು, ಮೂವರು ಹೆಲ್ಪರ್, ಮೂವರು ಕ್ಲೀನರ್, ಕಲಿಯುವ ಹುಡುಗ ಒಬ್ಬ.

ಇಲ್ಲಿ ಬಹಳ ಕಡೆ ಒಂದು ತಪ್ಪಾಗುತ್ತದೆ. ಬರೀ ಪಾಯಿಂಟುಗಳನ್ನು ಕೂಡಿಸಿ ಹಣವನ್ನು ಭಾಗಿಸಿಬಿಡುತ್ತಾರೆ. ಇವರ ಪಾಯಿಂಟು ಒಟ್ಟು 66 ಆಗುತ್ತದೆ, ಹಾಗೆ ಭಾಗಿಸಿದರೆ ಒಂದು ಪಾಯಿಂಟಿಗೆ ಸುಮಾರು 1,455 ರೂಪಾಯಿ ಬೀಳುತ್ತದೆ. ಆಗ ತಿಂಗಳಿಡೀ ದುಡಿದ ಸಪ್ಲೈಯರಿಗೂ, ಊರಿಗೆ ಹೋಗಿ 13 ದಿನ ಮಾತ್ರ ಬಂದ ಸಪ್ಲೈಯರಿಗೂ ಒಂದೇ ಮೊತ್ತ ಸಿಗುತ್ತದೆ. ಅದಕ್ಕೆ ಪಾಯಿಂಟನ್ನು ದುಡಿದ ದಿನಗಳಿಂದ ಗುಣಿಸಬೇಕು. ಪೂರ್ತಿ 26 ದಿನ ಬಂದ ಸಪ್ಲೈಯರಿಗೆ 4ನ್ನು 26ರಿಂದ ಗುಣಿಸಿ 104 ಪಾಲು. 13 ದಿನ ಬಂದವನಿಗೆ 52. ಅರ್ಧ ಪಾಳಿ ದುಡಿದರೆ ಅರ್ಧ ದಿನ ಎಂದು ಹಿಡಿಯುತ್ತಾರೆ.

ಆ ತಿಂಗಳು ಆ ಸಪ್ಲೈಯರನ್ನು ಬಿಟ್ಟರೆ ಒಬ್ಬ ಹೆಲ್ಪರ್ 16 ದಿನ, ಒಬ್ಬ ಅಡುಗೆಯವರು 24 ದಿನ, ತಿಂಗಳ ನಡುವೆ ಸೇರಿದ ಕಲಿಯುವ ಹುಡುಗ 13 ದಿನ ಬಂದಿದ್ದರು. ಉಳಿದವರೆಲ್ಲ ಪೂರ್ತಿ ಹಾಜರಿ. ಹದಿನೆಂಟೂ ಜನರ ಪಾಲು ಕೂಡಿಸಿದರೆ 1,600. 96,000ವನ್ನು 1,600ರಿಂದ ಭಾಗಿಸಿದಾಗ ಒಂದು ಪಾಲಿಗೆ 60 ರೂಪಾಯಿ. ಇಷ್ಟು ಗೊತ್ತಾದ ಮೇಲೆ ಪ್ರತಿಯೊಬ್ಬರೂ ತಮ್ಮ ಮೊತ್ತವನ್ನು ತಾವೇ ಕಂಡುಕೊಳ್ಳಬಹುದು. ಪೂರ್ತಿ ತಿಂಗಳು ಬಂದ ಕ್ಯಾಪ್ಟನ್ನಿಗೆ 7,800, ಸಪ್ಲೈಯರಿಗೆ 6,240, ಕ್ಲೀನರಿಗೆ 4,680. 13 ದಿನದ ಸಪ್ಲೈಯರಿಗೆ 3,120. 16 ದಿನದ ಹೆಲ್ಪರಿಗೆ 2,880. ಕಲಿಯುವ ಹುಡುಗನಿಗೆ 1,560.

ಅಂಟಿಸುವ ಹಾಳೆಯಲ್ಲಿ ಹಣ ಬಂದ ಮೂರು ದಾರಿ, ಒಟ್ಟು ಪಾಲು, ಒಂದು ಪಾಲಿನ ಬೆಲೆ, ಆಮೇಲೆ ಹೆಸರಿನ ಮುಂದೆ ಪಾಯಿಂಟು, ದಿನ, ಮೊತ್ತ ಇರಬೇಕೆಂದು ನಾನು ಪಟ್ಟು ಹಿಡಿದೆ. ಬರೀ ಮೊತ್ತ ಬರೆದರೆ ಅದು ಹಳೆಯ ಲಕೋಟೆಯೇ. ಪಾಲಿನ ಬೆಲೆ ಗೊತ್ತಿದ್ದರೆ ಫೋನಿನ ಕ್ಯಾಲ್ಕುಲೇಟರಿನಲ್ಲಿ ಅರ್ಧ ನಿಮಿಷದಲ್ಲಿ ತಾಳೆ ನೋಡಬಹುದು. ಮೊದಲ ತಿಂಗಳೇ ಒಬ್ಬ ಹೆಲ್ಪರ್ ತನ್ನ ಹಾಜರಿಯಲ್ಲಿ ಒಂದು ದಿನ ಕಡಿಮೆ ಬರೆದದ್ದನ್ನು ಹಿಡಿದ. ಒಂದು ದಿನಕ್ಕೆ ಅವನ ಮೂರು ಪಾಯಿಂಟು ಎಂದರೆ 180 ರೂಪಾಯಿ. ಹಾಳೆ ಅಂಟಿಸಿದ ಮೇಲೆ ಎರಡು ದಿನ ಬಿಟ್ಟು ಹಣ ಹಂಚುವುದೆಂದು ಆಮೇಲೆ ಗೊತ್ತಾಯಿತು, ತಿದ್ದಲು ಸಮಯವಿರಲಿ ಎಂದು.

ಕಾಯಿಲೆ ಬಿದ್ದ ದಿನಗಳನ್ನು ಸೇರಿಸಬೇಕೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಇಲ್ಲಿ ಅಡುಗೆಮನೆಯಲ್ಲೇ ಕೈ ಸುಟ್ಟುಕೊಂಡೋ ಜಾರಿ ಬಿದ್ದೋ ಮಲಗಿದವರ ದಿನಗಳನ್ನು ಎಣಿಸುತ್ತಾರೆ, ಉಳಿದ ರಜೆಯನ್ನು ಎಣಿಸುವುದಿಲ್ಲ. ನನಗೆ ಅದು ಸರಿಯೆನಿಸುತ್ತದೆ. ಬೇರೆಯವರು ಬೇರೆ ರೀತಿ ಗೊತ್ತುಮಾಡಬಹುದು, ಆದರೆ ಯಾರಾದರೂ ಮಲಗುವ ಮೊದಲೇ ಬರೆದಿಟ್ಟಿರಬೇಕು.

ಹಂಚುವುದು ಇಷ್ಟೇ ಸುಲಭವಾದರೆ ಹಣ ಸೋರುವುದೆಲ್ಲಿ? ಡಬ್ಬಿಗಿಂತ ಮೊದಲು, ಇತ್ತೀಚೆಗೆ ಹೆಚ್ಚಾಗಿ ಫೋನಿನಲ್ಲಿ. ಟೇಬಲಿನ ಮೇಲಿನ ಕ್ಯೂಆರ್ ಕೋಡ್ ಮಾಲೀಕರ ಖಾತೆಯದು. 860 ರೂಪಾಯಿಯ ಬಿಲ್ಲಿಗೆ ಗಿರಾಕಿ 900 ಹಾಕಿ, "ಉಳಿದದ್ದು ನಿನಗೆ" ಎಂದು ಎದ್ದು ಹೋಗುತ್ತಾನೆ. ಗಲ್ಲಾದವನು ಕಂಪ್ಯೂಟರಿನಲ್ಲಿ 860 ಎಂದು ಬಿಲ್ ಮುಗಿಸುತ್ತಾನೆ. ಆ 40 ರೂಪಾಯಿ ಸದ್ದಿಲ್ಲದೆ ಅಂಗಡಿಯ ಹಣದಲ್ಲಿ ಸೇರಿಹೋಗುತ್ತದೆ. ಇದರಲ್ಲಿ ಯಾರೂ ಬೇಕೆಂದು ಕದ್ದಿಲ್ಲ, ಆದರೂ ಹಣ ಹೋಯಿತು. ನಗದಿನಲ್ಲಿ ತಟ್ಟೆಯ ಮೇಲೆ ನೋಟು ಕಣ್ಣಿಗೆ ಕಾಣುತ್ತಿತ್ತು, ಇಲ್ಲಿ ಕಾಣುವುದಿಲ್ಲ.

ಅದನ್ನು ಹಿಡಿಯಲು ರಾತ್ರಿ ಗಲ್ಲಾ ಮುಚ್ಚುವಾಗ ಒಂದು ಕಳೆಯುವ ಲೆಕ್ಕ ಸಾಕು. ಆ ದಿನ ಯುಪಿಐಯಲ್ಲಿ ಮುಗಿದ ಬಿಲ್ಲುಗಳ ಮೊತ್ತ 21,480 ಎಂದಿಟ್ಟುಕೊಳ್ಳಿ. ಬ್ಯಾಂಕಿನ ಆ್ಯಪಿನಲ್ಲಿ ಆ ದಿನ ಬಂದದ್ದು 22,310. ವ್ಯತ್ಯಾಸ 830 ರೂಪಾಯಿ, ಅದು ಟಿಪ್ಸು. ಗಲ್ಲಾದವನು ಅದನ್ನು ದಿನದ ಪುಸ್ತಕದಲ್ಲಿ ಬರೆದು ಕೆಲಸಗಾರರ ಪ್ರತಿನಿಧಿಯ ಸಹಿ ಪಡೆಯುತ್ತಾನೆ. ಒಂದು ಎಚ್ಚರಿಕೆ ಬೇಕು. ಕೆಲವು ಸಲ ನೆಟ್‌ವರ್ಕ್ ತಡವಾಗಿ ಗಿರಾಕಿ ಒಂದೇ ಬಿಲ್ಲಿಗೆ ಎರಡು ಸಲ ಹಣ ಹಾಕಿಬಿಡುತ್ತಾನೆ. ಒಂದೇ ಮೊತ್ತ ನಾಲ್ಕೈದು ನಿಮಿಷದ ಅಂತರದಲ್ಲಿ ಎರಡು ಸಲ ಬಂದಿದ್ದರೆ ಅದು ಟಿಪ್ಸಲ್ಲ, ಹಿಂದಿರುಗಿಸಬೇಕಾದ ಹಣ. ಅಂಥದ್ದನ್ನು ಬೇರೆ ಬರೆದಿಟ್ಟು, ಗಿರಾಕಿ ಬರುತ್ತಾನೋ ಎಂದು ಕಾಯುತ್ತಾರೆ. ಈ ರೆಸ್ಟೋರೆಂಟಿನಲ್ಲಿ ಈ ಒಂದು ಕಳೆಯುವ ಲೆಕ್ಕ ಶುರುವಾದ ಮೇಲೆಯೇ ಯುಪಿಐ ಟಿಪ್ಸು ಎಂಬುದು ಪುಸ್ತಕದಲ್ಲಿ ಕಾಣಿಸಿಕೊಂಡದ್ದು.

ನಗದಿನ ಡಬ್ಬಿಗೆ ಎರಡು ಬೀಗ ಹಾಕಿದ್ದಾರೆ. ಒಂದರ ಕೈ ಗಲ್ಲಾದಲ್ಲಿ, ಇನ್ನೊಂದರದು ಕೆಲಸಗಾರರು ಆರಿಸಿದ ಇಬ್ಬರಲ್ಲಿ ಒಬ್ಬರ ಹತ್ತಿರ. ಈಗ ಒಬ್ಬರು ಅಡುಗೆಮನೆಯವರು, ಇನ್ನೊಬ್ಬರು ಹೊರಗೆ ಬಡಿಸುವವರು. ಪ್ರತಿ ರಾತ್ರಿ ಇಬ್ಬರೂ ಸೇರಿ ತೆಗೆದು ಎಣಿಸಿ ಬರೆಯುತ್ತಾರೆ. ವಾರಕ್ಕೊಮ್ಮೆ ಎಣಿಸೋಣ ಎಂದು ಮೊದಲು ಹೇಳಿದ್ದರು, ನಾನು ಬೇಡವೆಂದೆ. ದಿನದ ಮೊತ್ತ ಗೊತ್ತಿದ್ದರೆ ಮಾತ್ರ ಯಾವ ದಿನ ಏನೋ ಸರಿಯಿಲ್ಲ ಎಂದು ಕಾಣುತ್ತದೆ.

ಕಂಡದ್ದನ್ನು ಓದುವಾಗಲೂ ಆತುರಪಡಬಾರದು. ಒಂದು ಸಮಯದಲ್ಲಿ ಮಂಗಳವಾರ ರಾತ್ರಿಯ ಡಬ್ಬಿ ಪ್ರತಿ ವಾರವೂ ಬೇರೆ ದಿನದ ಅರ್ಧಕ್ಕೆ ಇಳಿದಿತ್ತು, ಬಿಲ್ಲುಗಳ ಸಂಖ್ಯೆ ಮಾತ್ರ ಕಡಿಮೆಯಾಗಿರಲಿಲ್ಲ. ಆ ಪಾಳಿಯಲ್ಲಿ ಇಬ್ಬರೇ ಸಪ್ಲೈಯರುಗಳು, ಅವರ ಮೇಲೆ ಪಿಸುಮಾತು ಶುರುವಾಯಿತು. ನಾನು ಬಿಲ್ಲುಗಳನ್ನು ಹಣ ಕೊಟ್ಟ ಬಗೆಯಂತೆ ಬೇರೆ ಮಾಡಿ ನೋಡಿದೆ. ಹತ್ತಿರದ ಒಂದು ಕಂಪನಿಯ ಹುಡುಗರು ಆ ರಾತ್ರಿ ಗುಂಪಾಗಿ ಬರುತ್ತಿದ್ದರು, ಎಲ್ಲರದೂ ಯುಪಿಐ. ನಗದು ಕೊಟ್ಟವರೇ ಕೆಲವರು. ಯುಪಿಐ ವ್ಯತ್ಯಾಸ ಸೇರಿಸಿದಾಗ ಮಂಗಳವಾರ ಉಳಿದ ದಿನಗಳಷ್ಟೇ ಇತ್ತು. ಇಬ್ಬರು ಒಳ್ಳೆಯ ಹುಡುಗರ ಹೆಸರು ಕೆಡುವುದು ಅಷ್ಟರಲ್ಲಿ ತಪ್ಪಿತು. ಹಾಗಾಗಿ ಹೋಲಿಸುವಾಗ ನಗದು ಬಿಲ್ಲಿಗೆ ನಗದು ಟಿಪ್ಸನ್ನೇ ಹೋಲಿಸಬೇಕು. ಹಾಗೆ ನೋಡಿದ ಮೇಲೂ ಒಂದು ಪಾಳಿಯಲ್ಲಿ ವಾರಗಟ್ಟಲೆ ಕಡಿಮೆಯೇ ಇದ್ದರೆ ಆಗ ಕೂರಿಸಿ ಕೇಳಬಹುದು.

ಒಡೆದ ತಟ್ಟೆಯ ಹಣವನ್ನು ಟಿಪ್ಸಿನಿಂದ ಹಿಡಿಯುವುದು ನಮ್ಮ ಹೋಟೆಲುಗಳ ಹಳೆಯ ಚಾಳಿ. ತಟ್ಟೆ ಲೋಟ ಒಡೆಯುವುದು ವ್ಯಾಪಾರದ ಖರ್ಚು, ಗಿರಾಕಿ ಕೆಲಸಗಾರನಿಗೆಂದು ಕೊಟ್ಟ ಹಣದಲ್ಲಿ ಅದನ್ನು ತುಂಬಿಕೊಳ್ಳುವುದು ತಪ್ಪು. ಕಾರ್ಡ್ ಮಷಿನ್ನಿನ ಕಮಿಷನ್ನೂ ಹಾಗೆಯೇ. ಇನ್ನೊಂದು ಕೆಟ್ಟ ಪದ್ಧತಿ, ಕೆಲಸ ಬಿಟ್ಟವನ ಪಾಲನ್ನು ಉಳಿದವರಿಗೆ ಹಂಚುವುದು. ಹೀಗಿರುವ ಕಡೆ ಒಬ್ಬ ತಿಂಗಳ ಕೊನೆಯಲ್ಲಿ ರೈಲು ಹತ್ತಿದರೆ ಉಳಿದವರಿಗೆ ಲಾಭ. ಜೊತೆಯವನು ಬೇಗ ಹೋಗಲಿ ಎಂದು ಬಯಸುವಂಥ ನಿಯಮವನ್ನು ಒಂದೇ ಕೋಣೆಯಲ್ಲಿ ಮಲಗುವ ಜನರ ನಡುವೆ ಇಡಬಾರದು.

ಈ ಹಣ ಸಂಬಳವೇ ಎಂದು ಹಲವರು ಕೇಳುತ್ತಾರೆ. ಸುಪ್ರೀಂ ಕೋರ್ಟು ಇದನ್ನು ಹಲವು ಸಲ ನೋಡಿದೆ. ಜೈಪುರದ ರಾಂಬಾಗ್ ಪ್ಯಾಲೇಸ್ ಹೋಟೆಲಿನ ಕಾರ್ಮಿಕರ ಮೊಕದ್ದಮೆಯಲ್ಲಿ, 1976ರಲ್ಲೇ, ಇಂಥ ಹಣ ಮಾಲೀಕ ತನ್ನ ಜೇಬಿನಿಂದ ಕೊಡುವುದಲ್ಲ, ಗಿರಾಕಿಯಿಂದ ಬಂದದ್ದನ್ನು ಕೆಲಸಗಾರರಿಗೆ ದಾಟಿಸುವುದು ಎಂಬ ನಿಲುವು ತಾಳಿತು. ನಮ್ಮ ಮೈಸೂರಿನ ಸದರ್ನ್ ಸ್ಟಾರ್ ಹೋಟೆಲಿಗೂ ನೌಕರರ ರಾಜ್ಯ ವಿಮಾ ನಿಗಮಕ್ಕೂ ನಡುವೆ ನಡೆದ ಮೊಕದ್ದಮೆಯಲ್ಲಿ, ಗಿರಾಕಿಯಿಂದ ಪಡೆದು ಹಂಚಿದ ಸರ್ವೀಸ್ ಚಾರ್ಜ್ ಇಎಸ್‌ಐ ಲೆಕ್ಕಕ್ಕೆ ವೇತನವಲ್ಲ ಎಂದು 2007ರಲ್ಲಿ ತೀರ್ಮಾನವಾಯಿತು. ಐಟಿಸಿ ಸಂಸ್ಥೆಗೆ ಸಂಬಂಧಿಸಿದ 2016ರ ತೀರ್ಪಿನಲ್ಲಿ, ಕಾರ್ಡ್ ಮೂಲಕ ಬಂದು ಹೋಟೆಲಿನ ಕೈದಾಟಿ ಹಂಚಿಕೆಯಾದ ಟಿಪ್ಸು ಸಂಬಳವಲ್ಲ, ಆದ್ದರಿಂದ ಸಂಬಳದಂತೆ ಮೂಲದಲ್ಲೇ ತೆರಿಗೆ ಹಿಡಿಯಬೇಕಿಲ್ಲ, ಪಡೆದವರ ಇತರ ಆದಾಯವೆಂದು ಎಣಿಸಬೇಕು ಎಂದಾಯಿತು.

ಕೆಲಸಗಾರರಿಗೆ ಇದರ ಅರ್ಥ ಎರಡು ಬಗೆಯದು. ಟಿಪ್ಸು ಬರುತ್ತದಲ್ಲ ಎಂದು ಮಾಲೀಕರು ಸಂಬಳ ಇಳಿಸುವಂತಿಲ್ಲ, ಅದು ಅವರ ಹಣವೇ ಅಲ್ಲ. ಅದೇ ಕಾರಣಕ್ಕೆ ಈ ಮೊತ್ತದ ಮೇಲೆ ಇಎಸ್‌ಐ ಕಟ್ಟುವುದಿಲ್ಲ, ಕಾಯಿಲೆ ರಜೆಯಲ್ಲಿ ಸಿಗುವ ಭತ್ಯೆಗೂ ಇದು ಲೆಕ್ಕಕ್ಕೆ ಬರುವುದಿಲ್ಲ. ತಿಂಗಳಿಗೆ 6,000 ಟಿಪ್ಸು ಬರುತ್ತದೆಂದು ಕಡಿಮೆ ಸಂಬಳಕ್ಕೆ ಒಪ್ಪಿಕೊಂಡವನು ಮಲಗಿದ ದಿನ ಆ 6,000 ಎಲ್ಲಿಂದಲೂ ಬರುವುದಿಲ್ಲ. ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಇದನ್ನು ಕೂರಿಸಿ ಹೇಳುತ್ತೇನೆ, ಸಂಬಳವನ್ನು ಬೇರೆಯೇ ಕೇಳಿ ಗೊತ್ತುಮಾಡಿಕೊಳ್ಳಿ ಎಂದು.

ನಾನು ಲೆಕ್ಕ ನೋಡುವ ಚಿಕ್ಕ ಹೋಟೆಲುಗಳಲ್ಲಿ ಇಂಥ ಹಾಳೆ ಮಾಲೀಕರ ಮನಸ್ಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬ್ರಿಟನ್ನಿನಲ್ಲಿ ಟಿಪ್ಸು ಹಂಚಿಕೆಗೆಂದೇ 2023ರಲ್ಲಿ ಕಾನೂನು ಮಾಡಿ 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದರು. ಟಿಪ್ಸಿಗೆ ಸಂಬಂಧಿಸಿದ ನಿಯಮವನ್ನು ಮಾಲೀಕ ಬರೆದು ಕೆಲಸಗಾರರಿಗೆ ಕೊಡಬೇಕು. ಬಂದ ಹಣವನ್ನು ಮುಂದಿನ ತಿಂಗಳ ಕೊನೆಯೊಳಗೆ ಪೂರ್ತಿ ದಾಟಿಸಬೇಕು. ತೆರಿಗೆಯಂಥ ಕಾನೂನಿನ ಕಡಿತ ಬಿಟ್ಟು ಬೇರೇನನ್ನೂ ಹಿಡಿಯುವಂತಿಲ್ಲ, ಕಾರ್ಡ್ ಕಮಿಷನ್ನನ್ನೂ ಕೂಡ. ಲೆಕ್ಕವನ್ನು ಮೂರು ವರ್ಷ ಇಟ್ಟಿರಬೇಕು, ಕೆಲಸಗಾರ ತನ್ನ ಲೆಕ್ಕ ಕೇಳಿದರೆ ತೋರಿಸಬೇಕು. ಓದಲು ಹೋಗಿ ಸಂಜೆ ರೆಸ್ಟೋರೆಂಟುಗಳಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರಿಗೂ ಇದು ಅನ್ವಯಿಸುತ್ತದೆ, ಅವರ ಅಪ್ಪ ಅಮ್ಮ ಫೋನಿನಲ್ಲಿ ತಿಳಿಸಬಹುದು. ಅಲ್ಲಿ ಈ ಹಣದ ಗಂಟಿಗೆ 'ಟ್ರಾಂಕ್' ಎನ್ನುತ್ತಾರೆ. ಚರ್ಚಿನಲ್ಲಿ ಬಡವರಿಗೆಂದು ಇಡುತ್ತಿದ್ದ ಕಾಣಿಕೆ ಡಬ್ಬಿಗೆ ಫ್ರೆಂಚರು ಹೇಳುವ ಮಾತದು.

ಊಟಕ್ಕೆ ಹೋಗುವ ನೀವೂ ಒಂದು ಮಾತು ಕೇಳಬಹುದು. ಬಿಲ್ಲಿನಲ್ಲಿ ಸರ್ವೀಸ್ ಚಾರ್ಜ್ ಕಂಡರೆ ತೆಗೆಸಲು ಹೇಳಿ, ಒಪ್ಪದಿದ್ದರೆ 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಆಮೇಲೆ ಟಿಪ್ಸು ಕೊಡುವ ಮನಸ್ಸಿದ್ದರೆ, ತಟ್ಟೆ ಎತ್ತಲು ಬಂದವರನ್ನು "ಇದು ನಿಮಗೆಲ್ಲ ಸೇರುತ್ತದಾ?" ಎಂದು ಮೆಲ್ಲಗೆ ಕೇಳಿ. ಹಂಚಿಕೆ ಸರಿಯಿರುವ ಕಡೆ ಅವರು ತಡವರಿಸದೆ ಹೌದೆನ್ನುತ್ತಾರೆ. ಅತ್ತಿತ್ತ ನೋಡಿದರೆ ನಗದನ್ನೇ ಅವರ ಕೈಗೆ ಕೊಡಿ.

ಹೋದ ತಿಂಗಳು 5ನೇ ತಾರೀಕು ಸಂಜೆ ನಾನೇ ಹಾಳೆ ಅಂಟಿಸಿದೆ. ಪಾತ್ರೆ ತೊಳೆಯುವ ಒಡಿಶಾದ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ, ಅಂಕಿ ಬರುತ್ತದೆ. ಸೋಪಿನ ನೊರೆಯ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಬಂದು, ತನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟ. ಮೂರು, ಇಪ್ಪತ್ತಾರು, ಅರವತ್ತು ಎಂದು ತುಟಿಯೊಳಗೆ ಗುಣಿಸಿದ. ಆಮೇಲೆ ಬೆರಳನ್ನು ಒಂದು ಸಾಲು ಕೆಳಗೆ ಇಳಿಸಿ ಪಕ್ಕದಲ್ಲಿ ಮಲಗುವ ಗೆಳೆಯನದನ್ನೂ ಗುಣಿಸಿ ನೋಡಿದ. ಅವನು ಊರಿಗೆ ಹೋಗಿದ್ದ. ಫೋನ್ ತೆಗೆದು ಆ ಸಾಲಿನ ಫೋಟೋ ಹೊಡೆದು ಅವನಿಗೆ ಕಳಿಸಿ, ಮತ್ತೆ ತೊಟ್ಟಿಯ ಕಡೆ ಹೋದ.